ಬಲಗಡೆಯಿಂದ ಓದಿದ ಹುಡುಗಿ

ಮೂವತ್ತು ವರ್ಷ ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಕಲಿಸಿದೆ. ಕಲಿಸಿದ್ದು ಕಡಿಮೆ, ಟೋಪಿ ಹಾಕಿದ್ದು ಹೆಚ್ಚು ಎಂದು ಹಳೆಯ ವಿದ್ಯಾರ್ಥಿಗಳು ಹೇಳುವುದುಂಟು. ಅದು ಸುಳ್ಳಲ್ಲ. ಹುಕ್ಕೇರಿಯ ಸಾಲಿಯಲ್ಲಿದ್ದಾಗಲೇ ಮಾಸ್ತರರಿಗೆ ಟೋಪಿ ಹಾಕಿದವನು ನಾನು. ಮೈಸೂರು ಕಡೆಯಿಂದ ಹೊಸದಾಗಿ ಬಂದ ರಸಾಯನಶಾಸ್ತ್ರದ ಮೇಷ್ಟ್ರನ್ನು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಜಲಪಾತ ನೋಡಲು ಕಳಿಸಿದ್ದೆ. ಬರೀ ಬಂಡೆ ನೋಡಿ, ಬೆವರಿಳಿಸಿಕೊಂಡು ತಿರುಗಿ ಬಂದ ಅವರು, “ಸಾರ್, ಅಲ್ಲಿ ನೀರೇ ಇಲ್ವಲ್ಲ!” ಎಂದರು.

“ಐತಲ್ರಿ, ಹಿಡಕಲ್ ಡ್ಯಾಮಿನ್ಯಾಗ ಐತಿ. ಅಲ್ಲಿಂದ ಬಿಟ್ಟಾಗ ಬರತೈತಿ.”

ಇಂಥವು ನೂರಿವೆ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ನನ್ನಿಂದ ಇವನ್ನು ಹೇಳಿಸುತ್ತಾರೆ. ಆದರೆ ಒಂದನ್ನು ಮಾತ್ರ ನಾನಾಗಿ ಎಂದೂ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಎರಡನೇ ಪಿಯುಸಿಯಲ್ಲಿ ಹುಡುಗರನ್ನು ನಡುಗಿಸುತ್ತಿದ್ದ ಒಂದು ಪ್ರಶ್ನೆಯಿತ್ತು: ಡಿಎನ್ಎಯ ಒಂದು ಎಳೆ ಕೊಟ್ಟಿದೆ, ಅದರಿಂದ ಹುಟ್ಟುವ ಅಮೈನೋ ಆಮ್ಲಗಳ ಸಾಲು ಬರೆಯಿರಿ. ಲೆಕ್ಕ ದೊಡ್ಡದೇನಲ್ಲ. ಎಳೆಯಲ್ಲಿ ಎ ಇದ್ದರೆ ಆರ್‌ಎನ್ಎಯಲ್ಲಿ ಯು, ಟಿ ಇದ್ದರೆ ಎ, ಜಿ ಇದ್ದರೆ ಸಿ, ಸಿ ಇದ್ದರೆ ಜಿ. ಹೀಗೆ ಬರೆದುಕೊಂಡು ಮೂರು ಮೂರು ಅಕ್ಷರ ಕತ್ತರಿಸಿ, ಕೋಷ್ಟಕ ನೋಡಿ, ಒಂದೊಂದು ತುಂಡಿಗೆ ಒಂದೊಂದು ಅಮೈನೋ ಆಮ್ಲದ ಹೆಸರು ಹಚ್ಚಿದರೆ ಮುಗಿಯಿತು. ಒಂದೇ ಒಂದು ಮುಳ್ಳು. ಎಳೆಗೆ ಎರಡು ತುದಿ: ಒಂದು ಐದು ಪ್ರೈಮ್, ಇನ್ನೊಂದು ಮೂರು ಪ್ರೈಮ್. ಅಚ್ಚಿನ ಎಳೆಯನ್ನು, ಅಂದರೆ ಆರ್‌ಎನ್ಎಗೆ ಅಚ್ಚಾಗುವ ಈ ಕೊಟ್ಟ ಎಳೆಯನ್ನು, ಯಾವಾಗಲೂ ಮೂರು ಪ್ರೈಮ್ ತುದಿಯಿಂದಲೇ ಓದಬೇಕು. ಆ ತುದಿ ಎಡಕ್ಕಿದ್ದರೆ ಎಡದಿಂದ, ಬಲಕ್ಕಿದ್ದರೆ ಬಲದಿಂದ.

ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆಗೆ ನಾನೊಂದು ಬೋನು ಹೆಣೆದೆ. TACGGAAAACAT. ಎಡದಿಂದ ಓದಿದರೂ ಮೊದಲು ಬರುವುದು TAC, ಬಲದಿಂದ ಓದಿದರೂ TAC. ಅದರ ಆರ್‌ಎನ್ಎ AUG, ಅಂದರೆ ಮೆಥಿಯೋನಿನ್. ಪ್ರೋಟೀನು ಶುರುವಾಗುವುದೇ ಅದರಿಂದ. ಹೀಗಾಗಿ ತಪ್ಪು ತುದಿಯಿಂದ ಹೊರಟವನಿಗೂ ಮೆಥಿಯೋನಿನ್ ಸಿಕ್ಕು, ‘ಬರೋಬ್ಬರಿ ಹೊಂಟೇನಿ’ ಎಂದು ಧೈರ್ಯ ಬಂದು, ನೇರವಾಗಿ ಗುಂಡಿಗೆ ಬೀಳುತ್ತಾನೆ. ಹಿಂದಿನ ವಾರ ಕ್ಲಾಸಿನಲ್ಲಿ ಮಾಡಿಸಿದ್ದು ಬಲದಿಂದ ಓದುವ ಲೆಕ್ಕ; ಅದನ್ನೇ ಬಾಯಿಪಾಠ ಮಾಡಿದವರು ಬೀಳಲಿ ಎಂದು ಇಲ್ಲಿ ಮೂರು ಪ್ರೈಮನ್ನು ಎಡಕ್ಕೆ ಇಡುವುದೆಂದು ಗೊತ್ತುಮಾಡಿದ್ದೆ. ಹೀಗಾಗಿ ನನ್ನ ಉತ್ತರ ಎಡದಿಂದ: ಮೆಥಿಯೋನಿನ್, ಪ್ರೋಲಿನ್, ಫಿನೈಲ್ ಅಲನಿನ್, ವ್ಯಾಲಿನ್. ಇಂಥ ಎಳೆ ಜಿಲ್ಲೆಯಲ್ಲಿ ಇನ್ನೊಬ್ಬ ಹೆಣೆಯಲಾರ ಎಂದು ಸ್ಟಾಫ್ ರೂಮಿನಲ್ಲಿ ಮೀಸೆ ತಿರುವಿದ್ದೂ ಉಂಟು. ನಾನೇ ಕೂತು ಸ್ಟೆನ್ಸಿಲ್ ಕೊರೆದು ಪ್ರಶ್ನೆಪತ್ರಿಕೆ ತೆಗೆಸಿದೆ.

ಪೇಪರು ತಿದ್ದುವಾಗ ನನಗೇ ಆಶ್ಚರ್ಯ. ಬೋನಿಗೆ ಯಾರೂ ಬಿದ್ದಿರಲಿಲ್ಲ! ಹಿಂದಿನ ಬೆಂಚಿನವರೂ ಎಡದಿಂದ ಓದಿ ಸರಿ ಬರೆದಿದ್ದರು. ನನ್ನ ಪಾಠದ ಪ್ರತಾಪ ಎಂದುಕೊಂಡೆ. ಒಬ್ಬಳೇ ಒಬ್ಬ ಹುಡುಗಿ ಬಲದಿಂದ ಓದಿ, ಮೆಥಿಯೋನಿನ್, ಫಿನೈಲ್ ಅಲನಿನ್, ಸಿರೀನ್, ವ್ಯಾಲಿನ್ ಎಂದು ಬರೆದಿದ್ದಳು. ಕೆಂಪು ಗೀಟು ಎಳೆದು ಸೊನ್ನೆ ಹಾಕಿದೆ.

ಆಕೆ ಮೂಡಲಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ದರ್ಜಿಯ ಮಗಳು. ಹತ್ತನೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ವಿಜ್ಞಾನಕ್ಕೆ ಬಂದಿದ್ದಳು. ಮೊದಲ ವರ್ಷ ಬಾಯಿ ಬಿಟ್ಟಿರಲಿಲ್ಲ. ಎರಡನೇ ವರ್ಷಕ್ಕೆ ಮೂರನೇ ಬೆಂಚಿನಿಂದ ಕೈ ಎತ್ತಿ ಪ್ರಶ್ನೆ ಕೇಳುವಷ್ಟಾಗಿದ್ದಳು. ಸಿಇಟಿ ಬರೆದು ಡಾಕ್ಟರಾಗುತ್ತೇನೆ ಎಂದು ಗೆಳತಿಯರ ಮುಂದೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಪೇಪರು ಹಂಚುವ ದಿನ ಆಕೆಯದನ್ನು ಕೈಯಲ್ಲಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದೆ.

“ಏನವಾ, ಡಿಎನ್ಎನೂ ಉರ್ದೂ ಅಂತ ತಿಳದಿಯೇನು? ಬಲಗಡಿಂದ ಓದ್ಕೊಂತ ಬಂದೀಯಲ್ಲ!”

ತೊಂಬತ್ತು ಜನರ ಕ್ಲಾಸಿನ ನಗು ತಗಡಿನ ಮಾಡಿಗೆ ಹೊಡೆದು ತಿರುಗಿ ಬಂತು. ನನಗೆ ಆ ನಗು ಊಟದಂತೆ. ಇನ್ನೊಂದು ತುತ್ತು ಬೇಕೆನಿಸಿತು. “ನಾಳಿ ಪೇಶಂಟಿಗೆ ಗುಳಗೀನೂ ಉಲ್ಟಾ ನುಂಗಸ್ತೀಯೇನು?” ಎಂದೆ. ಮತ್ತೆ ನಗು.

ಆಕೆ ಎದ್ದು ನಿಂತಳು. “ಸರ್, ಪೇಪರಿನ್ಯಾಗ ಐದು ಪ್ರೈಮ್ ಎಡಕ್ಕ ಐತ್ರಿ.”

“ಕುಂದ್ರವಾ, ಕುಂದ್ರು. ಮಾಡಿದ್ದು ಮಾಡಿ ಮ್ಯಾಲೆ ವಾದ ಬ್ಯಾರೆ.”

ಕೂತಳು. ಹಿಂದಿನ ಬೆಂಚಿನಿಂದ ಒಬ್ಬ ಸಣ್ಣ ದನಿಯಲ್ಲಿ “ಉಲ್ಟಾ ಡಾಕ್ಟರ್” ಎಂದ. ಕೇಳಿಸಿತು, ಸುಮ್ಮನಿದ್ದೆ. ಮಾತು ಚೆನ್ನಾಗಿದೆ ಎಂದೇ ಅನ್ನಿಸಿತ್ತು.

ಸ್ಟಾಫ್ ರೂಮಿಗೆ ಬಂದು, ಸುಮ್ಮನೆ ಇರಲಿ ಎಂದು ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಎಡಕ್ಕೆ 5′. ಬಲಕ್ಕೆ 3′. ಬೋನು ಹೆಣೆದ ಹೆಮ್ಮೆಯಲ್ಲಿ, ಸ್ಟೆನ್ಸಿಲ್ ಕೊರೆಯುವಾಗ ತುದಿಗಳನ್ನು ಅದಲುಬದಲು ಬರೆದಿದ್ದೆ. ಉತ್ತರ ಮಾತ್ರ ತಲೆಯಲ್ಲಿದ್ದ ಹಳೆಯ ಎಳೆಯದೇ. ಉಳಿದವರು ಯಾರೂ ತುದಿ ನೋಡಿಯೇ ಇರಲಿಲ್ಲ. ಅಕ್ಷರ ಓದುವ ರೂಢಿಯಂತೆ ಎಡದಿಂದ ಓದಿದ್ದರು, ಅದು ನನ್ನ ತಪ್ಪಿಗೆ ಹೊಂದಿಕೊಂಡಿತ್ತು. ಎಂಬತ್ತೊಂಬತ್ತು ಹುಡುಗರೂ ಒಬ್ಬ ಮಾಸ್ತರನೂ ಗುಂಡಿಯಲ್ಲಿ, ಮೇಲೆ ನಿಂತವಳು ಒಬ್ಬಳೇ.

ಆಗಲೇ ಎದ್ದು ಹೋಗಿ ಹೇಳಬಹುದಿತ್ತು. ಕ್ಲಾಸು ಇಪ್ಪತ್ತು ಹೆಜ್ಜೆ ದೂರ. ನಾನು ಚಹಾ ಕುಡಿದೆ. ಅಂಕಪಟ್ಟಿಯಲ್ಲಿ ಆಕೆಯ ಸಾಲಿಗೆ ಸದ್ದಿಲ್ಲದೆ ಐದು ಅಂಕ ಕೂಡಿಸಿ, ನ್ಯಾಯ ಮಾಡಿದೆ ಎಂದುಕೊಂಡೆ. ಆಮೇಲೆ ಎಂಟು ದಿನ ಆ ಕ್ಲಾಸಿನಲ್ಲಿ ಮೂರನೇ ಬೆಂಚಿನ ಕಡೆ ನೋಡದೆ ಪಾಠ ಮಾಡಿದೆ. ಅಲ್ಲಿಂದ ಕೈ ಮೇಲೇಳುವುದು ನಿಂತಿತ್ತು.

ಒಂಬತ್ತನೇ ದಿನ ಆಕೆಯ ತಂದೆ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಅಂಗಡಿಯಿಂದ ಎದ್ದು ನೇರವಾಗಿ ಬಸ್ಸು ಹತ್ತಿದ್ದರು.

“ಬರ್ರಿ ಸಾಹೇಬ್ರ, ಕುಂದರ್ರಿ.”

ಅವರು ಕೂರಲಿಲ್ಲ. “ಸರ್ರ, ಶನಿವಾರ ಸಿಇಟಿ ಫಾರಂ ತುಂಬಾಕ ಕಡೀ ದಿನ. ನಾ ತುಂಬು ಅಂತೇನ್ರಿ, ಅಕಿ ಒಲ್ಲೆ ಅಂತಾಳ. ‘ಅಬ್ಬಾ, ನನ್ನ ತಲಿ ಉಲ್ಟಾ ಐತಿ, ನನಗ ಆಗಂಗಿಲ್ಲ’ ಅಂತ ಅಳತಾಳ. ನನಗ ಇದೆಲ್ಲಾ ತಿಳಿಯಂಗಿಲ್ರಿ. ನೀವು ಕಲಿಸಿದವರು. ಖರೆ ಹೇಳಿಬಿಡ್ರಿ, ಅಕಿಗೆ ಆಗತೈತೋ ಇಲ್ಲೋ? ಆಗಂಗಿಲ್ಲ ಅಂದ್ರ ನಾ ಹಟಾ ಮಾಡಂಗಿಲ್ಲ.”

“ಆಗತೈತ್ರಿ, ಯಾಕ ಆಗಂಗಿಲ್ಲ?” ಎಂದೆ. “ಇಡೀ ಕ್ಲಾಸಿನ್ಯಾಗ ಅಕೀದೊಬ್ಬಾಕಿದ ಬರೋಬ್ಬರಿ ಇತ್ತು.”

ಅವರ ಮುಖ ಅರಳಿತು. ಕೊರಳಿನ ಟೇಪು ಸುತ್ತುತ್ತ ಕೇಳಿದರು: “ಮತ್ತ ನಕ್ಕರ್ಯಾಕ್ರಿ ಎಲ್ಲಾರೂ?”

“ನಾ ನಾಳಿ ಕ್ಲಾಸಿನ್ಯಾಗ ಹೇಳತೇನ್ರಿ,” ಎಂದು ಕಳಿಸಿಕೊಟ್ಟೆ.

ಮರುದಿನ, ಶುಕ್ರವಾರ, ಹಲಗೆಯ ಮೇಲೆ ಆ ಎಳೆ ಬರೆದೆ. ತುದಿಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಇದ್ದ ಹಾಗೆಯೇ ಹಾಕಿ, ಬಲದಿಂದ ಓದಿ ತೋರಿಸಿದೆ. “ಮೂರು ಪ್ರೈಮ್ ಎಲ್ಲೈತಿ ನೋಡ್ರಿ. ಉತ್ತರ ಈಕಿ ಬರದಾಳಲ್ಲ, ಅದ ಖರೆ. ಆವತ್ತು ತಪ್ಪು ನಂದು,” ಎಂದೆ.

ಹಿಂದಿನ ಬೆಂಚಿನ ಅದೇ ಹುಡುಗ ಎದ್ದು ಕೂಗಿದ: “ಏ, ಸರ್ ಬೇಕಂತ ಮಾಡ್ಯಾರಲೇ! ಎಂಟ ದಿನ ಎಲ್ಲಾರಿಗೂ ಟೋಪಿ ಹಾಕ್ಯಾರ!”

ಚಪ್ಪಾಳೆ, ಸೀಟಿ, ಬೆಂಚು ಬಡಿತ. ಹುಡುಗರ ಕಣ್ಣಲ್ಲಿ ನಾನು ಮತ್ತೆ ದೊಡ್ಡವನಾದೆ. ಕೈ ಎತ್ತಿ, “ಇಲ್ಲಲೇ, ಇದು ಖರೆ ತಪ್ಪು” ಎಂದರೆ ಸಾಕಿತ್ತು. ಕೈ ಎತ್ತಿದೆ ಕೂಡ. ಬಾಯಿಂದ ಬಂದದ್ದು ಬೇರೆ.

“ಗೊತ್ತಾತಿಲ್ಲೋ ಮಕ್ಕಳ್ರ್ಯಾ, ನಾ ಯಾರಂತ?”

ಮೂರನೇ ಬೆಂಚಿನಲ್ಲಿ ಆಕೆ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಬಾಟಲಿಯಲ್ಲಿಟ್ಟ ಮಾದರಿಯ ಮೇಲಿನ ಚೀಟಿ ಓದುವವರು ನೋಡುವ ಹಾಗೆ ನೋಡಿದಳು.

ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದಳು. ಪುಣ್ಯಕ್ಕೆ ಒಬ್ಬನೇ ಇದ್ದೆ. ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

“ಸರ್, ನೀವು ಬೇಕಂತ ಮಾಡಿದ್ರ ಈ ಕೆಂಪ ಗೀಟ ಯಾಕ ಹೊಡದ್ರಿ?”

“ಅಂಕ ಕೂಡಿಸೇನಿ ತಂಗಿ, ಪಟ್ಟಿಯಾಗ...”

“ಚ್ಯಾಷ್ಟಿಗೆ ಕೊಟ್ಟ ಅಂಕ ನನಗ ಬ್ಯಾಡ್ರಿ. ಬರೋಬ್ಬರಿ ಬರದೇನಿ ಅಂತ ಕೊಡ್ರಿ. ಇದರ ಮ್ಯಾಗ ಬರದ ಕೊಡ್ರಿ.”

“ಏನಂತ ಬರೀಲಿ?”

“ಏನ ಆಗೈತಿ, ಅದನ್ನ.”

ಪೆನ್ನು ತೆಗೆದೆ. ನಗಿಸಲು ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿದೆ. ಗೀಟಿನ ಪಕ್ಕದಲ್ಲಿ ಬರೆದೆ: ‘ಉತ್ತರ ಪೂರ್ತಿ ಸರಿ. ಪ್ರಶ್ನೆಯಲ್ಲಿ ತುದಿಗಳನ್ನು ತಪ್ಪಾಗಿ ಬರೆದವನು ನಾನು. ತಪ್ಪೆಂದು ತಿದ್ದಿದವನೂ ನಾನೇ.’ ಸಹಿ ಹಾಕಿದೆ. ಆಕೆ ಎರಡು ಸಲ ಓದಿದಳು.

“ತಾರೀಖ ಹಾಕ್ರಿ ಸರ್.”

ಹಾಕಿದೆ. ಮಡಚಿ ಪುಸ್ತಕದೊಳಗಿಟ್ಟುಕೊಂಡು ಮೂಡಲಗಿ ಬಸ್ಸಿಗೆ ಹೋದಳು. ಆ ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತಾಳೆ, ಪ್ರಿನ್ಸಿಪಾಲರಿಗೆ ತೋರಿಸುತ್ತಾಳೆ ಎಂದು ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಚಿಂತೆ ಆಗಲೂ ನನ್ನ ಬಗ್ಗೆಯೇ. ಶನಿವಾರ ತಂದೆ ಮಗಳು ಕೂಡಿ ಬಂದು ಫಾರಂ ತುಂಬಿ ಹೋದರು. ಹಾಳೆಯನ್ನು ಮನೆಯವರ ಹೊರತು ಯಾರೂ ನೋಡಲಿಲ್ಲ.

ಸಿಇಟಿಯಲ್ಲಿ ಆಕೆಗೆ ಡಾಕ್ಟರಿಕೆಯ ಸೀಟು ಸಿಗಲಿಲ್ಲ. ಬಿಎಸ್ಸಿ ಓದಿ, ತನ್ನ ಊರ ಕಡೆಯೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆಂದು ಕೇಳಿದ್ದೇನೆ. ಆ ಎಂಟು ದಿನ ಅಳುತ್ತ ಕಳೆಯದೆ ಓದಿದ್ದರೆ ಸೀಟು ಸಿಗುತ್ತಿತ್ತೋ ಏನೋ, ಅದನ್ನು ಲೆಕ್ಕ ಹಾಕುವ ಕೋಷ್ಟಕ ಯಾವ ಪುಸ್ತಕದಲ್ಲೂ ಇಲ್ಲ.

ಹೋದ ವರ್ಷ ಕಲ್ಲೋಳಿಯ ಒಂದು ಮದುವೆಯಲ್ಲಿ ಆ ಬ್ಯಾಚಿನವನೊಬ್ಬ ಸಿಕ್ಕ. ತಲೆ ನರೆತಿದೆ, ಟ್ರ್ಯಾಕ್ಟರ್ ಶೋರೂಮು ಇಟ್ಟಿದ್ದಾನೆ. ಊಟದ ಪಂಕ್ತಿಯಲ್ಲಿ ಎದ್ದು ನಿಂತು ಎಲ್ಲರಿಗೂ ಸಾರಿದ: “ನಮ್ಮ ಸರ್ ಉಲ್ಟಾ ಡಿಎನ್ಎ ಕೊಟ್ಟು ಎಂಟ ದಿನಾ ಇಡೀ ಕ್ಲಾಸಿಗೆ ಟೋಪಿ ಹಾಕಿದ್ರು ನೋಡ್ರಿ! ಸರ್, ಹೇಳ್ರಿ ಅದನ್ನ!”

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಬಾಯಲ್ಲಿ ಹೋಳಿಗೆಯಿತ್ತು. ಅಗಿದು ನುಂಗುವಷ್ಟು ಹೊತ್ತು ನನಗೆ ಸಮಯ ಸಿಕ್ಕಿತ್ತು.

“ನೀನ ಹೇಳಪಾ, ನೀ ಚೊಲೋ ಹೇಳತಿ,” ಎಂದೆ.