ಹೊನ್ನೇಶಣ್ಣನ ಭುಜ

ಕಡೂರಿನ ಈಜುಕೊಳದಲ್ಲಿ ಎತ್ತರದ ಕುರ್ಚಿಯೊಂದಿದೆ. ಯಗಟಿಯ ಹೊನ್ನೇಶ ಲೈಫ್‌ಗಾರ್ಡ್ ಆಗಿ ಅದರ ಮೇಲೆ ಕೂತು ವರ್ಷಗಳೇ ಆದವು. ಊರಿನ ಬಾವಿಯಲ್ಲಿ ಈಜು ಕಲಿತವನು, ಮುಳುಗುತ್ತಿದ್ದ ಎಷ್ಟೋ ಮಕ್ಕಳನ್ನು ಎಳೆದು ತಂದವನು. ಅಂಥವನಿಗೆ ಮತ್ತೆ ಪರೀಕ್ಷೆಯಂತೆ! ಅವನಿಗೂ ಹಾಗೇ ಅನ್ನಿಸಿತ್ತು.

ಲೈಫ್‌ಗಾರ್ಡ್ ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣ ಆಗದಿದ್ದರೆ ಕುರ್ಚಿ ಬಿಟ್ಟು ಗೇಟಿನಲ್ಲಿ ಟಿಕೆಟ್ ಹರಿಯಬೇಕು. ಆದರೆ ಬೈಕಿನಿಂದ ಬಿದ್ದ ಮೇಲೆ ಅವನ ಬಲಭುಜ ಕೈಕೊಟ್ಟಿತ್ತು. ಅದು ಹೆಂಡತಿ ಪ್ರತಿಮಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಸಾರ್, ಹಳೇ ಸರ್ಟಿಫಿಕೇಟ್ ನೋಡಿ ಸೀಲ್ ಹಾಕ್ಬಿಡಿ," ಎಂದು ಪರೀಕ್ಷಕ ಧನಪಾಲ್ ಅವರನ್ನು ಗೋಗರೆದ.

"ಆಗಲ್ಲ ಹೊನ್ನೇಶ್. ನಿಮ್ಮ ಮೈ ಆವತ್ತು ಹೇಗಿತ್ತು ಅಂತ ಇದು ಹೇಳುತ್ತೆ, ಇವತ್ತು ಹೇಗಿದೆ ಅಂತ ಹೇಳಲ್ಲ. ನಂದೂ ಅಷ್ಟೇ. ಸಮುದ್ರದಲ್ಲಿ ಸಿಲಿಂಡರ್ ಕಟ್ಕೊಂಡು ಮುಳುಗೋ ಸ್ಕೂಬಾ ಕಲಿಸೋ ಕಾರ್ಡಿದೆ, ಆದ್ರೆ ಈ ಕೊಳ ಕಾಯೋಕೆ ಅದು ನಡೆಯಲ್ಲ. ನಾನೂ ಲೈಫ್‌ಗಾರ್ಡ್ ಪರೀಕ್ಷೆ ಬೇರೆನೇ ಪಾಸಾಗ್ಬೇಕಾಯ್ತು."

ಪರೀಕ್ಷೆಯಲ್ಲಿ ಬೊಂಬೆಯ ಎದೆ ಒತ್ತಿ ಉಸಿರು ಕೊಡುವುದು ಹೇಗೋ ಆಯಿತು, ಹಲ್ಲು ಕಚ್ಚಿಕೊಂಡು. ಕೊಳದ ತಳದಿಂದ ಭಾರ ಎತ್ತಿ ತಂದದ್ದೂ ಆಯಿತು. ಉಳಿದದ್ದು, ಪ್ರಜ್ಞೆ ತಪ್ಪಿದವರನ್ನು ದಡಕ್ಕೆ ಎಳೆಯುವುದು. ಪ್ರಜ್ಞೆ ತಪ್ಪಿದಂತೆ ಮಲಗಲು ಸ್ಫೂರ್ತಿ ನೀರಿಗಿಳಿದಳು. ಅಲ್ಲೇ ಮಕ್ಕಳಿಗೆ ಈಜು ಕಲಿಸುವ ಹುಡುಗಿ. ಈಜು ಕಲಿಸುವ ಸರ್ಟಿಫಿಕೇಟ್ ಅವಳಿಗಿದ್ದರೂ, ಜನರನ್ನು ಕಾಪಾಡುವ ಹಿಡಿತವನ್ನು ಕೈಹಿಡಿದು ಕಲಿಸಿದ್ದು ಹೊನ್ನೇಶನೇ.

ಎಡಗೈಯಲ್ಲಿ ಅವಳ ಗದ್ದ ಹಿಡಿದು ಹೊರಟ. ನೀರು ಸೀಳಬೇಕಾದ ಬಲಗೈ ಮೇಲೇಳಲಿಲ್ಲ. ಬರೀ ಕಾಲಿನಲ್ಲಿ ಎಷ್ಟು ದೂರ? ಅಯ್ಯೋ ದೇವರೇ ಅಂದುಕೊಳ್ಳುವಷ್ಟರಲ್ಲಿ ಭಾರ ಇದ್ದಕ್ಕಿದ್ದಂತೆ ಹಗುರಾಯಿತು. ಸ್ಫೂರ್ತಿ ನೀರಿನಡಿಯಲ್ಲಿ ಮೆಲ್ಲಗೆ ಕಾಲು ಬಡಿಯುತ್ತಿದ್ದಳು. ದಡದಲ್ಲಿದ್ದ ಧನಪಾಲ್‌ಗೆ ಅದು ಕಾಣುತ್ತಿರಲಿಲ್ಲ.

ಕುರ್ಚಿ ಉಳಿಯಿತು! ಹೊನ್ನೇಶನ ಕಣ್ಣು ತುಂಬಿತು. ಹಾಗೇ ಒಂದಿಷ್ಟು ದೂರ ಹೋದ ಕೂಡ. ಆಮೇಲೆ ನಾಳೆ ಬೆಳಗ್ಗೆ ಬರುವ ಚಿಕ್ಕ ಮಕ್ಕಳ ಗುಂಪು ನೆನಪಾಯಿತು. ಅವರಲ್ಲಿ ಯಾರಾದರೂ ಮುಳುಗಿದರೆ?

"ಕಾಲು ಬಡೀಬೇಡ ಕಣವ್ವಾ," ಎಂದ ಕಿವಿಯ ಹತ್ತಿರ. "ಪ್ರಜ್ಞೆ ತಪ್ಪಿದೋರು ಬಡಿಯಲ್ಲ."

"ಹೊನ್ನೇಶಣ್ಣ, ಸುಮ್ನಿರಿ. ಇನ್ನು ಸ್ವಲ್ಪಾನೇ."

"ಬೇಡ ಅಂದ್ನಲ್ಲ!"

ಅವಳು ನಿಲ್ಲಿಸಿದಳು. ಭಾರವೆಲ್ಲ ಮತ್ತೆ ಅವನ ಮೇಲೆ ಬಿತ್ತು. ಎರಡು ಸಲ ಹೆಣಗಿದ. ಬಾಯಿಗೆ ನೀರು ಬಂತು, ಹಿಡಿತ ಸಡಿಲಿತು, ದಡ ಮಾತ್ರ ಹತ್ತಿರ ಬರಲಿಲ್ಲ. ಎಡಗೈ ಮೇಲೆತ್ತಿದ. ಸಾಕು ಎನ್ನುವ ಸನ್ನೆ ಅದು.

ಧನಪಾಲ್ ನೀರಿಗೆ ಹಾರುವ ಮೊದಲೇ ಸ್ಫೂರ್ತಿ ತಿರುಗಿ ಹೊನ್ನೇಶನ ಗದ್ದ ಹಿಡಿದಿದ್ದಳು. ಬಾಯಿ ನೀರಿನ ಮೇಲೆ, ಕುತ್ತಿಗೆಗೆ ಒತ್ತಡವಿಲ್ಲ. ಅವನು ಕಲಿಸಿದ ಹಿಡಿತ ಎಲ್ಲೂ ತಪ್ಪಿರಲಿಲ್ಲ. ಅವಳು ಬಿಕ್ಕುತ್ತಲೇ ಎಳೆಯುತ್ತಿದ್ದಳು.

ಹೊನ್ನೇಶ ತನ್ನ ಕುರ್ಚಿಯನ್ನೇ ನೋಡುತ್ತ ನೀರಿನ ಮೇಲೆ ಮಲಗಿದ. ಕಾಲು ಬಡಿಯಲಿಲ್ಲ.