ಖಂಡನೀಯ ಅನುಮಾನ

ಹಾಸನದ ನಮ್ಮ ಕಾನೂನು ಕಾಲೇಜಿನ ಅಧ್ಯಾಪಕರಲ್ಲಿ ಹಿಂದಿ ಪರೀಕ್ಷೆ ಪಾಸು ಮಾಡಿದ್ದವಳು ನಾನೊಬ್ಬಳೇ. ಹಾಗಾಗಿ ಉತ್ತರದ ಹೈಕೋರ್ಟೊಂದರ ತೀರ್ಪಿನ ಹಿಂದಿ ಸಾರಾಂಶ ನನ್ನ ಮೇಜಿಗೇ ಬಂತು. ಮೊದಲ ವರ್ಷದ ಮಕ್ಕಳಿಗೆ ಅದನ್ನು ಸರಳ ಇಂಗ್ಲಿಷಿನಲ್ಲಿ ಒಂದು ಪುಟಕ್ಕೆ ಇಳಿಸಬೇಕು. ಏಳು ವರ್ಷದಿಂದ ಸುದ್ದಿಯೇ ಇಲ್ಲದ ಗಂಡನನ್ನು ಸತ್ತವನೆಂದು ಘೋಷಿಸಿ ಎಂದು ಹೆಂಡತಿ ಕೇಳಿದ್ದ ಪ್ರಕರಣ.

ನನ್ನ ಗಂಡ ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತೇನೆಂದು ಹೊರಟು ಆಗಲೇ ಒಂಬತ್ತು ವರ್ಷ. ಹೊಳೆನರಸೀಪುರದ ನನ್ನಣ್ಣ ವಕೀಲರಿಂದ ಅಂಥದೇ ದಾವೆ ಬರೆಸಿ ತಂದಿಟ್ಟಿದ್ದ. "ಸಹಿ ಆಕ್ಬುಡವ್ವ, ಎಷ್ಟ್ ದಿನ ಇಂಗೇ ಇರ್ತೀಯ?" ಎನ್ನುತ್ತಿದ್ದ. ಕಾಗದ ಬೀರುವಿನಲ್ಲೇ ಇತ್ತು. ಕಾಲೇಜಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಸಾರಾಂಶದ ಒಂದೊಂದು ವಾಕ್ಯವೂ ಅರ್ಧ ಪುಟ. ಯಾರು ಕೇಳಿದರು, ಏನು ಕೇಳಿದರು, ಕೋರ್ಟು ಏನೆಂದಿತು ಎಂದು ತುಂಡು ತುಂಡು ಮಾಡುತ್ತಾ ಹೋದೆ. ಕೊನೆಯಲ್ಲಿ ‘ಖಂಡನೀಯ ಅನುಮಾನ’ ಎಂದಿತ್ತು. ಕನ್ನಡದ ಕಣ್ಣಿಗೆ ಅದು ಖಂಡಿಸಬೇಕಾದ ಸಂಶಯ! ‘ಇನ್ಯಾರನ್ನೋ ಕಟ್ಕೊಂಡವ್ನೆ ಬುಡು’ ಎಂದಾಡಿಕೊಂಡ ನಮ್ಮೂರಿನವರಿಗೆ ಹೈಕೋರ್ಟೇ ಛೀಮಾರಿ ಹಾಕಿತೆಂದು ಒಬ್ಬಳೇ ನಕ್ಕೆ. ಹಿಂದಿಯಲ್ಲಿ ಹಾಗಲ್ಲ. ಅಲ್ಲಿ ಅನುಮಾನವೆಂದರೆ ಸತ್ತಿದ್ದಾನೆಂದು ಕಾನೂನು ಇಟ್ಟುಕೊಳ್ಳುವ ಎಣಿಕೆ. ಖಂಡನೀಯವೆಂದರೆ ಪುರಾವೆ ಕೊಟ್ಟು ಅಲ್ಲಗಳೆಯಬಹುದಾದದ್ದು. ನಗು ಅಲ್ಲಿಗೇ ನಿಂತಿತು.

‘ಬದುಕಿದ್ದಾನೆಂದು ಯಾರಾದರೂ ತೋರಿಸುವವರೆಗೆ ಕೋರ್ಟು ಅವನನ್ನು ಸತ್ತವನೆಂದೇ ಎಣಿಸುತ್ತದೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಹಿರಿಯ ಅಧ್ಯಾಪಕಿ ಓದಿ, ‘ಅನ್‌ಟಿಲ್’ ಎಂಬ ಪದಕ್ಕೆ ಕೆಂಪು ಸುತ್ತು ಹಾಕಿದರು.

"ಹೀಗಂದ್ರೆ ಅವನು ಬಂದೇ ಬರ್ತಾನೆ ಅಂದ್ಕೋತಾರೆ ಮಕ್ಕಳು. ಕೋರ್ಟು ಹಾಗೆ ಹೇಳಿಲ್ವಲ್ಲ ಮೇಡಂ. ‘ಅನ್‌ಲೆಸ್’ ಅಂತ ಹಾಕಿ."

ಅವರು ಹೇಳಿದ್ದು ಸರಿಯೇ. ತೋರಿಸುವವರೆಗೆ ಅಲ್ಲ, ತೋರಿಸದಿದ್ದರೆ. ತಿದ್ದಿದೆ. ಒಂಬತ್ತು ವರ್ಷ ನಾನು ಬದುಕಿದ್ದೇ ಆ ‘ವರೆಗೆ’ಯಲ್ಲಿ. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಈಗಲೂ ಎದ್ದು ಹೋಗಿ ನೋಡುತ್ತೇನೆ, ಅಷ್ಟು ಬೇಕು ನನಗೆ ಅವನು.

ಸಂಜೆ ಬಸ್ಸಿನಲ್ಲಿ ಶಾಂತಿಗ್ರಾಮದ ಮನೆಗೆ ಬಂದವಳು ಬೀರುವಿನಿಂದ ದಾವೆಯ ಕಾಗದ ತೆಗೆದೆ. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

"ಅದ್ಕೆ ನೀನು ಸಹಿ ಆಕುದ್ರೆ ನನ್ ಮಗ ಸತ್ತಂಗಾ?"

"ಇಲ್ಲ ಅತ್ತೆ. ಕೋರ್ಟು ಹಂಗಂತ ಎಣಿಸ್ತದೆ ಅಷ್ಟೆ. ಅವರು ಬಂದ್ರೆ ಆ ಎಣಿಕೆ ಬಿದ್ದೋಗ್ತದೆ."

ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

"ಅಂಗಾರೆ ಆಕವ್ವ. ಅವ್ನು ಬರೋಗಂಟ ಇರ್ಲಿ."

ಬರೋಗಂಟ. ಅತ್ತೆಯ ಆ ‘ವರೆಗೆ’ಯನ್ನು ನಾನು ತಿದ್ದಲಿಲ್ಲ. ಸಹಿ ಹಾಕಿದೆ.