ಊಟದ ಮನೆಯ ಫೋಟೊದ ಕೆಳಗಿನ ಸಾಲು

ನನಗೆ ಮರೆವು ಅನ್ನುವುದು ಇಲ್ಲ. ಇದನ್ನು ಗುಣ ಎಂದು ಯಾರೂ ಹೊಗಳಿಲ್ಲ.

ಅಕ್ಕನ ಮದುವೆಗೆ ಪಾಂಡವಪುರದ ಕಡೆಯ ಛತ್ರವೊಂದನ್ನು ಗೊತ್ತುಮಾಡಿದ್ದು ನಾನೇ, ನಾಗಮಂಗಲದ ನಮ್ಮ ಮನೆಯಲ್ಲಿ ಕೂತು, ಮೊಬೈಲಿನಲ್ಲಿ ಫೋಟೊ ನೋಡಿ. ಅವ್ವನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು. ಛತ್ರದ ಪುಟದಲ್ಲಿ 'ಹಿರಿಯರಿಗೆ ಅನುಕೂಲ' ಎಂದಿತ್ತು. ಮುಂಬಾಗಿಲಿನ ಫೋಟೊ, ಅದರ ಪಕ್ಕದಲ್ಲೇ ಊಟದ ಮನೆಯದು, ಕೆಳಗೆ 'ವಿಶಾಲವಾದ ಊಟದ ಮನೆ' ಎಂಬ ಸಾಲು. ಬಾಗಿಲು ದಾಟಿದರೆ ಊಟದ ಮನೆ ಅಂದುಕೊಂಡೆ. ಅದಿದ್ದದ್ದು ಮಹಡಿಯ ಮೇಲೆ. ಲಿಫ್ಟ್ ಇರಲಿಲ್ಲ.

ಧಾರೆ ಮುಗಿದು ಕೆ.ಆರ್. ಪೇಟೆಯ ಬೀಗರು ಊಟಕ್ಕೆ ಕೂತರು. ಹೆಣ್ಣಿನ ತಾಯಿ ಪಂಕ್ತಿಯ ನಡುವೆ ಓಡಾಡಿ ಉಪಚಾರ ಹೇಳದಿದ್ದರೆ ಬೀಗರಿಗೆ ಮುನಿಸು. ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತರು. ತಿರುವಿನಲ್ಲಿ ಕುರ್ಚಿ ವಾಲಿ, ಸೀರೆ ಮಂಡಿಯವರೆಗೆ ಸರಿಯಿತು. ಮೇಲೆ ನಿಂತಿದ್ದ ಯಾವನೋ, "ನೋಡ್ಲಾ, ಅಮ್ನೋರ ಮೆರವಣಿಗೆ ಬತ್ತಾ ಅದೆ" ಎಂದ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆ ದಿನ ಅವಳು ಊಟ ಮಾಡಲಿಲ್ಲ.

ಛತ್ರದ ಯಜಮಾನನನ್ನು ಹಿಡಿದು ಕೇಳಿದೆ. ಎಲೆಅಡಿಕೆ ಜಗಿಯುತ್ತಲೇ ಹೇಳಿದ: "ಪಟ ನೋಡಿ ಒಪ್ಕೊಂಡೋರು ನೀವು ಕಣವ್ವ. ಮೆಟ್ಲು ಇಲ್ಲ ಅಂತ ನಾನೆಲ್ಲಿ ಬರ್ದಿದ್ದೆ?"

ಇವನಿಗೆ ಒಂದು ದಿನ ತಕ್ಕ ಶಾಸ್ತಿ ಮಾಡುತ್ತೇನೆ ಎಂದು ಅಲ್ಲೇ ನಿಂತು ಅಂದುಕೊಂಡೆ.

ಎರಡು ವರ್ಷದ ಮೇಲೆ ಶ್ರೀರಂಗಪಟ್ಟಣದ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಛತ್ರ, ಹೋಂಸ್ಟೇಗಳಿಗೆ ಜಾಲತಾಣದ ಪುಟ ಮಾಡಿಕೊಡುವ ಅಂಗಡಿ ಅದು. ಪ್ರತಿ ಫೋಟೊಗೂ ನಾನು ಎರಡು ಬರಹ ಬರೆಯಬೇಕು. ಅಡಿಬರಹ ಎಲ್ಲರಿಗೂ ಕಾಣುತ್ತದೆ. ಫೋಟೊ ತಾನಾಗಿ ಹೇಳಲಾರದ್ದನ್ನು ಅದು ಹೇಳಬೇಕು. ಚಿತ್ರವಿವರಣೆ ಕಾಣುವುದಿಲ್ಲ, ಕಣ್ಣು ಕಾಣದವರಿಗೆ ಅವರ ಫೋನು ಅದನ್ನು ಓದಿ ಹೇಳುತ್ತದೆ. ಅದರಲ್ಲಿ ಫೋಟೊದಲ್ಲಿ ಇರುವುದಷ್ಟೇ ಬರಬೇಕು. ಪುಟದ ತಲೆಬರಹ ಒಂದು ಹೇಳಿ ಫೋಟೊ ಇನ್ನೊಂದು ಹೇಳಬಾರದು ಎಂಬುದು ನಮ್ಮ ಒಡತಿಯ ಕಟ್ಟಪ್ಪಣೆ. ಅವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇವೆ.

ಒಂದು ದಿನ ಅದೇ ಯಜಮಾನ ಹೊಸ ಪುಟ ಮಾಡಿಸಲು ಬಂದ. ನನ್ನ ಗುರುತು ಹತ್ತಲಿಲ್ಲ. ಕೈಯಾರೆ ಟೀ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿಯೇ ಕೊಟ್ಟೆ.

ಫೋಟೊ ತೆಗೆಯಲು ಹೋದವರ ಜೊತೆ ನಾನೂ ಹೋಗಿ ಮೆಟ್ಟಿಲು ಎಣಿಸಿದೆ. ಊಟದ ಮನೆಗೆ ಅಡಿಬರಹ: 'ಮೊದಲ ಮಹಡಿಯಲ್ಲಿದೆ. ಇಪ್ಪತ್ತಾರು ಮೆಟ್ಟಿಲು, ಲಿಫ್ಟ್ ಇಲ್ಲ.' ಮೆಟ್ಟಿಲಿನ ಫೋಟೊಗೆ ಚಿತ್ರವಿವರಣೆ: 'ಕಡಿದಾದ ಸಿಮೆಂಟ್ ಮೆಟ್ಟಿಲು, ಮಧ್ಯೆ ಇಕ್ಕಟ್ಟಾದ ತಿರುವು, ಎಡಕ್ಕೆ ಮಾತ್ರ ಕಂಬಿ, ಮುದುಕರು ಬೀಳುವ ಜಾಗ.' ಕೊನೆಯ ಮಾತನ್ನು ಆಪಾ ಹೊಡೆದುಹಾಕಿದರು. "ಬೀಳೋದು ಫೋಟೊದಲ್ಲಿ ಕಾಣ್ತದಾ? ಗುಸ್ಸಾ ಮನೇಲಿ ಇಟ್ಟು ಬಾ" ಎಂದರು. ಉಳಿದದ್ದೆಲ್ಲ ನಿಜ, ಇರಲಿ ಎಂದರು. ಹಾಗಾದ ಮೇಲೆ, ಹಳೆಯ ಪುಟದಿಂದ ಬಂದಿದ್ದ 'ಹಿರಿಯರಿಗೆ ಅನುಕೂಲ' ಎಂಬ ತಲೆಬರಹ ಹೋಗಬೇಕಾಯಿತು. ಅದನ್ನು ಅಳಿಸಿದ ಸುಖ ನನಗೇ ಗೊತ್ತು.

ಯಜಮಾನ ಫೋಟೊಗಳನ್ನಷ್ಟೇ ಸರಸರ ನೋಡಿದ. "ಪಟ ಚೆಂದಾಗವೆ, ಹಾಕ್ಬುಡವ್ವ" ಎಂದ. ಹಾಕಿಬಿಟ್ಟೆ.

ಎರಡು ತಿಂಗಳಿಗೆ ಬುಸುಗುಟ್ಟುತ್ತಾ ಬಂದ. "ಎಲ್ಡು ಮದ್ವೆ ಕೈತಪ್ಪೋದೋ! ಮೆಟ್ಲು ಲೆಕ್ಕ ಯಾಕ್ ಬರ್ದೆ?"

"ಪಟ ನೋಡಿ ಒಪ್ಕೊಂಡೋರು ನೀವು ಕಣಪ್ಪ. ಮೆಟ್ಲು ಬರಿಯಲ್ಲ ಅಂತ ನಾನೆಲ್ಲಿ ಹೇಳಿದ್ದೆ?"

ಎರಡು ವರ್ಷಕ್ಕೂ ಮೀರಿ ಬಾಯಲ್ಲಿಟ್ಟುಕೊಂಡಿದ್ದ ಮಾತು. ಅವನು ಪಿಳಿಪಿಳಿ ನೋಡಿದ. ಅವ್ವ, ಕುರ್ಚಿ, ಯಾವುದೂ ಅವನ ನೆನಪಿನಲ್ಲಿರಲಿಲ್ಲ. ಸೇಡು ತೀರಿಸಿಕೊಂಡದ್ದು ಅವನಿಗೆ ಗೊತ್ತೇ ಆಗದಿದ್ದರೆ ಅದೆಂಥ ಸೇಡು ಎಂದು ಮೈ ಉರಿಯಿತು. "ಮೆಟ್ಲು ತೆಗೀರಿ, ಸಾಲು ತೆಗೀತೀವಿ" ಎಂದು ಆಪಾ ಅವನನ್ನು ಸಾಗಹಾಕಿದರು.

ಅವನು ಮೆಟ್ಟಿಲು ತೆಗೆಯಲಿಲ್ಲ. ಕೆಳಗಿನ ಉಗ್ರಾಣ ಖಾಲಿ ಮಾಡಿಸಿ ಹಿರಿಯರಿಗೆ ಊಟದ ಕೋಣೆ ಮಾಡಿದ. ಫೋಟೊ ಕಳಿಸಿ 'ಮೆಟ್ಟಿಲಿಲ್ಲ' ಎಂದು ಬರೆಯಲು ಹೇಳಿದ. ಸುಳ್ಳಿರಬೇಕು, ಸುಳ್ಳಿರಲಿ ಎಂದುಕೊಂಡು ಬಸ್ಸು ಹತ್ತಿ ಹೋದೆ. ನಿಜವಾಗಿತ್ತು. ಊರುಗೋಲನ್ನು ಗೋಡೆಗೆ ಒರಗಿಸಿದ ಒಬ್ಬ ಅಜ್ಜಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದಳು. ನೋಡಲಾಗದೆ ಬಗ್ಗಿ ಹೊಸ್ತಿಲು ಅಳೆದೆ. 'ನೆಲದ ಮಟ್ಟದ ಊಟದ ಕೋಣೆ. ಮೆಟ್ಟಿಲಿಲ್ಲ, ಹೊಸ್ತಿಲು ಎರಡು ಬೆರಳು ಎತ್ತರ' ಎಂದು ಬರೆದೆ. ಹೊಸ್ತಿಲನ್ನೂ ಬರೀಬೇಕಾ ಎಂದು ಯಜಮಾನ ಫೋನಿನಲ್ಲಿ ಗೋಗರೆದ. ಬರೀಬೇಕು ಎಂದೆ.

ಮನೆಗೆ ಬಂದು ಅವ್ವನಿಗೆ ಆ ಸಾಲು ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ವಯಸ್ಸಾದೋರು ಕೆಳಗೇ ಉಣ್ತಾರಾ ಈಗ? ಒಳ್ಳೇ ಕೆಲ್ಸ ಮಾಡ್ದ ಬುಡು" ಎಂದಳು.

ಅಷ್ಟಕ್ಕೇ ಅವಳು ಕ್ಷಮಿಸಿಬಿಟ್ಟಳು. ಅದಕ್ಕೂ ಸೇರಿಸಿ ಅವನ ಮೇಲೆ ನನಗೆ ಸಿಟ್ಟಿದೆ.